ರಸ್ತೆ ಕಡೆಯಿಂದ ಅಳೆಯಿರಿ, ಟಾಯ್ಲೆಟ್ ಕಡೆಯಿಂದಲ್ಲ

ಮೈಸೂರಿನ ಒಂದು 30×50 ಸೈಟಿನ ಮನೆ. ಗೃಹಪ್ರವೇಶ ಆಗಿ ನಾಲ್ಕು ತಿಂಗಳಲ್ಲಿ ಮೂರು ಸಲ ಟಾಯ್ಲೆಟ್ ಪೈಪ್ ಕಟ್ಟಿಕೊಂಡಿತ್ತು. "ಸಾರ್, ನಾಲ್ಕಿಂಚಿನ ಪೈಪ್ ಸಾಲಲ್ಲ ಅಂತಾನೆ ಪ್ಲಂಬರ್. ಆರಿಂಚಿಂದು ಹಾಕಿಸ್ಲಾ?" ಎಂದು ಮನೆಯವರು ಕೇಳಿದರು. ಮೊದಲು ಚೇಂಬರ್ ಮುಚ್ಚಳ ತೆಗೆಸಿ, ಟ್ಯೂಬ್ ಲೆವೆಲ್ ಹಿಡಿಸಿದೆ.

ಹಿಂದಿನ ಚೇಂಬರಿನಿಂದ ಗೇಟಿನ ಚೇಂಬರಿಗೆ 40 ಅಡಿ. ಹಿಂದೆ ಪೈಪಿನ ತಳ ನೆಲದಿಂದ 24 ಇಂಚು ಕೆಳಗಿದೆ. ಗೇಟಿನ ಹತ್ತಿರ 28 ಇಂಚು. ಅಂದರೆ 40 ಅಡಿಗೆ ಬರೀ ನಾಲ್ಕು ಇಂಚು ವಾಟ, ಲೆಕ್ಕದಲ್ಲಿ 120ಕ್ಕೆ 1. ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ?

ತಪ್ಪು ಆದದ್ದು ಹೀಗೆ. ಪ್ಲಂಬರ್ ಟಾಯ್ಲೆಟ್ ಕಡೆಯಿಂದ ಕೆಲಸ ಶುರು ಮಾಡಿದ. ಎಲ್ಲ ಕಡೆ ಮಾಡುವಂತೆ ಎರಡು ಅಡಿ ಗುಂಡಿ ತೆಗೆದ. ಪೈಪ್ ಹಾಕುತ್ತಾ ಗೇಟಿಗೆ ಬಂದಾಗ ರಸ್ತೆಯ ಒಳಚರಂಡಿ, ಅಂದರೆ ಯುಜಿಡಿ ಕನೆಕ್ಷನ್ 28 ಇಂಚಿನಲ್ಲಿ ಸಿಕ್ಕಿತು. ಅದಂತೂ ಕೆಳಗೆ ಇಳಿಯಲ್ಲ. ಉಳಿದ ನಾಲ್ಕು ಇಂಚಿನಲ್ಲೇ ಹೇಗೋ ಸೇರಿಸಿ ಮಣ್ಣು ಮುಚ್ಚಿದ.

ಲೆಕ್ಕ ರಸ್ತೆ ಕಡೆಯಿಂದ ಹಿಂದಕ್ಕೆ ಬರಬೇಕು. ನಮ್ಮ ದೇಶದ ಕಟ್ಟಡ ಕೋಡ್ ಪ್ರಕಾರ ಮಲ ಪೈಪಿನಲ್ಲಿ ನಿಲ್ಲದೆ ಹೋಗಬೇಕಾದರೆ ನೀರಿನ ವೇಗ ಸೆಕೆಂಡಿಗೆ 0.75 ಮೀಟರ್ ಇರಬೇಕು. ನಾಲ್ಕಿಂಚಿನ ಪೈಪಿಗೆ ಅದು 57ಕ್ಕೆ 1 ವಾಟದಲ್ಲಿ ಸಿಗುತ್ತದೆ. ಆದರೆ ಆ ಲೆಕ್ಕ ಪೈಪ್ ಅರ್ಧವಾದರೂ ತುಂಬಿ ಹರಿಯುವಾಗಿನದು. ಒಂದು ಮನೆಯ ಒಂದು ಫ್ಲಶ್ ನೀರಿಗೆ ಪೈಪ್ ಅಷ್ಟು ತುಂಬುತ್ತದೆಯೇ? ಇಲ್ಲ. ಅದಕ್ಕೇ ನಾನು 40ಕ್ಕೆ 1 ಹಿಡಿಯುತ್ತೇನೆ. ಮೇಸ್ತ್ರಿಗೆ ಹೇಳುವುದೂ ಸುಲಭ: ಹತ್ತು ಅಡಿಗೆ ಮೂರು ಇಂಚು. ಈ ಮನೆಗೆ 40 ಅಡಿಗೆ 12 ಇಂಚು ಬೇಕು. ಗೇಟಿನಲ್ಲಿ 28 ಇದ್ದರೆ ಹಿಂದೆ 16 ಇಂಚಿನಲ್ಲೇ ಶುರು ಮಾಡಬೇಕಿತ್ತು. ಪೈಪಿನ ಮೇಲೆ ಆಗಲೂ ಹೆಚ್ಚುಕಮ್ಮಿ ಒಂದು ಅಡಿ ಮಣ್ಣು ಉಳಿಯುತ್ತಿತ್ತು. ಪೈಪ್ ಹೋಗುವ ಮನೆ ಪಕ್ಕದ ಓಣಿಯಲ್ಲಿ ಕಾರೇನೂ ಓಡಾಡಲ್ಲ, ಅಷ್ಟು ಸಾಕು.

ಆರಿಂಚಿನ ಪೈಪಿನ ಆಸೆ ಬಹಳ ಜನಕ್ಕಿದೆ. ದೊಡ್ಡ ಪೈಪ್ ಹಾಕಿದರೆ ವಾಟ ಕಡಿಮೆ ಇದ್ದರೂ ನಡೆಯುತ್ತೆ, ಕೋಡಿನಲ್ಲೇ 100ಕ್ಕೆ 1 ಅಂತ ಇದೆಯಲ್ಲ ಎನ್ನುತ್ತಾರೆ. ಅದೂ ಅರ್ಧ ತುಂಬಿದ ಪೈಪಿನ ಮಾತೇ. ಅಷ್ಟೇ ಫ್ಲಶ್ ನೀರು ಅಗಲವಾದ ಪೈಪಿನಲ್ಲಿ ತೆಳ್ಳಗೆ ಹರಡಿ ಹರಿದುಹೋಗುತ್ತದೆ, ಗಟ್ಟಿ ಪದಾರ್ಥ ಅಲ್ಲೇ ಕೂರುತ್ತದೆ. ಒಂದು ಮನೆಗೆ ನಾಲ್ಕಿಂಚೇ ಸರಿ.

ಈ ಮನೆಯ ಇನ್ನೊಂದು ಕೊರತೆ, ಆ 40 ಅಡಿಯ ನಡುವೆ ಚೇಂಬರೇ ಇರಲಿಲ್ಲ. ರಸ್ತೆಯ ದೊಡ್ಡ ಲೈನಿಗೆ ನೇರ ಓಟದಲ್ಲಿ 30 ಮೀಟರಿಗೊಂದು ಮ್ಯಾನ್‌ಹೋಲ್ ಇದ್ದರೆ ಆಗುತ್ತದೆ. ಮನೆಯಲ್ಲಿ ಬಿದಿರಿನ ದಬ್ಬೆ ತೂರಿಸಿ ಕ್ಲೀನ್ ಮಾಡುವವನಿಗೆ ಅಷ್ಟು ದೂರ ಕೈ ಸಾಗಲ್ಲ. ನಾನು 20 ಅಡಿ ದಾಟಿಸುವುದಿಲ್ಲ. ಪೈಪ್ ತಿರುಗುವ ಕಡೆ, ಇನ್ನೊಂದು ಲೈನ್ ಬಂದು ಸೇರುವ ಕಡೆ, ವಾಟ ಬದಲಾಗುವ ಕಡೆ ದೂರ ಎಷ್ಟೇ ಇರಲಿ, ಚೇಂಬರ್ ಬೇಕು. ಮಣ್ಣಿನೊಳಗೆ ಎಲ್ಬೋ ಹಾಕಿ ಮುಚ್ಚಬೇಡಿ.

ಹಾಗಂತ ಚೇಂಬರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲ್ಲ. ಇಲ್ಲಿ ಗೇಟಿನ ಚೇಂಬರಿನ ತಳಕ್ಕೆ ಸುಮ್ನೆ ಸಪಾಟಾಗಿ ಸಿಮೆಂಟ್ ಬಳಿದಿದ್ದರು. ಪೈಪಿನಲ್ಲಿ ಒಟ್ಟಾಗಿ ಬಂದ ನೀರು ಅಲ್ಲಿ ಎರಡಡಿ ಅಗಲಕ್ಕೆ ಹರಡುತ್ತಿತ್ತು, ಮೂಲೆಯಲ್ಲೆಲ್ಲ ಕೆಸರು. ಪೈಪನ್ನು ಉದ್ದಕ್ಕೆ ಸೀಳಿದ ಹಾಗೆ ಅರ್ಧ ದುಂಡಗಿನ ಕಾಲುವೆ ಚೇಂಬರಿನ ಈ ಬಾಯಿಂದ ಆ ಬಾಯಿಗೆ ಇರಬೇಕು. ಎರಡೂ ಬದಿ ಸಿಮೆಂಟು ಕಾಲುವೆ ಕಡೆಗೆ ಇಳಿಜಾರಾಗಿರಬೇಕು.

ಕೊನೆಗೆ ಅಗೆಸಿದೆವು. ಹಿಂದೆ 16 ಇಂಚು, 20 ಅಡಿಗೆ ಹೊಸ ಚೇಂಬರಿನಲ್ಲಿ 22, ಗೇಟಿನಲ್ಲಿ 28. ತುಂಬು ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿಸಿ, ಪೈಪಿನ ಉದ್ದಕ್ಕೂ ಮರಳು ಹಾಸಿದೆವು. ಹಳೆಯದರಲ್ಲಿ ಜಾಯಿಂಟಿನ ಕೆಳಗೆ ಮಾತ್ರ ಇಟ್ಟಿಗೆ ಚೂರು ಕೊಟ್ಟಿದ್ದರು. ಹಾಗಾಗಿ ಪೈಪ್ ನಡುವೆ ಜೋತುಬಿದ್ದು ಅಲ್ಲಿ ನೀರು ನಿಲ್ಲುತ್ತಿತ್ತು.

ಮಣ್ಣು ಮುಚ್ಚುವ ಮುಂಚೆ ಒಂದು ಚೇಂಬರಿನಲ್ಲಿ ಟಾರ್ಚ್ ಇಟ್ಟು, ಮುಂದಿನದರಲ್ಲಿ ಕನ್ನಡಿ ಹಿಡಿದೆವು. ಪೈಪ್ ನೇರವಾಗಿದ್ದರೆ ಬೆಳಕು ಪೂರ್ತಿ ದುಂಡಗೆ ಕಾಣುತ್ತದೆ, ಎಲ್ಲಾದರೂ ಬಾಗಿದ್ದರೆ ಕತ್ತರಿಸಿದ ಚಂದ್ರನ ಹಾಗೆ. ಮೊದಲ ಸಲ ನಮಗೆ ಕಂಡದ್ದು ಮುಕ್ಕಾಲು ಚಂದ್ರ. ಒಂದು ಪೈಪಿನ ಕೆಳಗೆ ಇನ್ನಷ್ಟು ಮರಳು ತುಂಬಿಸಿ ಮತ್ತೆ ನೋಡಿದೆವು. ದುಂಡಗಾಯ್ತು. ಆಮೇಲೇ ಗುಂಡಿ ಮುಚ್ಚಿಸಿದ್ದು.