ಗೋದಾಮಿನ ಅಡಿಕೆ ಕೆಟ್ಟರೆ ತಪ್ಪು ಆಡಿಟರದ್ದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡುವವರು ನನ್ನನ್ನು ಪದೇಪದೇ ಕೇಳುವ ಪ್ರಶ್ನೆ ಇದು: "ಒತ್ತೆ ಇಟ್ಟ ಅಡಿಕೆಯಲ್ಲಿ ಮೋಸ ನಡೆದರೆ ಆಂತರಿಕ ಲೆಕ್ಕಪರಿಶೋಧಕರು ಅದನ್ನು ಹಿಡಿಯಬೇಕಿತ್ತಲ್ಲವೇ?" ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಸಂಸ್ಥೆಯಲ್ಲಿ ಅಪಾಯವನ್ನು ನಿಭಾಯಿಸುವ ಹೊಣೆ ಯಾರದು, ಅದನ್ನು ಪರಿಶೀಲಿಸುವವರು ಯಾರು ಎಂದು ಹಂಚಿ ಹೇಳುವ ಮೂರು ಸಾಲುಗಳ ಮಾದರಿ ತಿಳಿಯದೆ ಅದರ ಉತ್ತರ ತಿಳಿಯುವುದಿಲ್ಲವಾದ್ದರಿಂದ ಮತ್ತೊಮ್ಮೆ ವಿವರಿಸುತ್ತೇನೆ.

ಒಬ್ಬ ಸದಸ್ಯರು 20 ಕ್ವಿಂಟಲ್ ಚಾಲಿ ಅಡಿಕೆ ತಂದಿಟ್ಟರೆಂದೂ, ದರ ಕ್ವಿಂಟಲ್‌ಗೆ 40,000 ರೂಪಾಯಿ ಎಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಂಟು ಲಕ್ಷದ ಮಾಲಿಗೆ ಶೇ. 65ರಂತೆ 5.20 ಲಕ್ಷ ಸಾಲ ಸಿಕ್ಕಿತು. ಚೀಲ ಬಿಚ್ಚಿ, ತಳದಿಂದ ಒಂದು ಬೊಗಸೆ ತೆಗೆದು, ಚಾಲಿಯ ಕೆಳಗೆ ಕಡಿಮೆ ದರ್ಜೆಯ ಗೋಟು ಸೇರಿದೆಯೇ ಎಂದು ನೋಡುವುದು, ತೂಗಿಸುವುದು, ಬೀಗದ ಕೈ ಕಾಯುವುದು, ಮಳೆಗಾಲದಲ್ಲಿ ಬೂಷ್ಟು ಬಾರದಂತೆ ನೋಡಿಕೊಳ್ಳುವುದು ಶಾಖಾ ವ್ಯವಸ್ಥಾಪಕರ ಕೆಲಸ. ಇದೇ ಮೊದಲ ಸಾಲು. ಸಾಲ ಕೊಟ್ಟವರು ಅವರಾದ್ದರಿಂದ ಅದರ ಅಪಾಯವೂ ಅವರದೇ.

ಶೇ. 65 ಎಂಬ ಮಿತಿ ಸರಿಯೇ ಎಂದು ಪರಿಶೀಲಿಸಿ ಸಲಹೆ ಕೊಡುವುದು, ದರ ಇಳಿದಾಗ ಎಚ್ಚರಿಸುವುದು ರಿಸ್ಕ್ ವಿಭಾಗದ ಕೆಲಸ. ಇದು ಎರಡನೆಯ ಸಾಲು. ದರ 30,000ಕ್ಕೆ ಇಳಿದರೆ ಮಾಲಿನ ಬೆಲೆ ಆರು ಲಕ್ಷವಾಗಿ, ಸಾಲ ಅದರ ಶೇ. 87ರಷ್ಟಾಗುತ್ತದೆ. ಆಗ "ಹೆಚ್ಚುವರಿ ಮಾಲು ತರಿಸಿದಿರಾ?" ಎಂದು ವ್ಯವಸ್ಥಾಪಕರನ್ನು ಕೇಳುವವರು ಇವರು, ತರಿಸಬೇಕಾದವರು ವ್ಯವಸ್ಥಾಪಕರೇ.

ಜನರ ತಲೆಯಿಂದ ಹೋಗದಿರುವ ತಪ್ಪು ತಿಳಿವಳಿಕೆಯೆಂದರೆ, ಈ ಸಾಲುಗಳು ಒಂದರ ಹಿಂದೊಂದು ಹಿಡಿದ ಜರಡಿಗಳು, ಮೊದಲನೆಯದರಲ್ಲಿ ಜಾರಿದ್ದು ಮೂರನೆಯದರಲ್ಲಿ ಸಿಕ್ಕೇ ಸಿಗುತ್ತದೆ ಎಂಬುದು. ಇದು ಖಂಡಿತ ಸರಿಯಲ್ಲ. ಮೂರನೆಯ ಸಾಲಿನವರಾದ ಆಂತರಿಕ ಲೆಕ್ಕಪರಿಶೋಧಕರು ವರ್ಷಕ್ಕೆ ಒಂದೆರಡು ಬಾರಿ ಬಂದು, ಕೆಲವು ಚೀಲಗಳನ್ನಷ್ಟೇ ಬಿಚ್ಚಿಸಿ, ತಪಾಸಣೆಯ ಕ್ರಮ ನಿಜವಾಗಿ ನಡೆಯುತ್ತಿದೆಯೇ, ರಿಸ್ಕ್ ವಿಭಾಗದ ಎಚ್ಚರಿಕೆಗೆ ಯಾರಾದರೂ ಓಗೊಟ್ಟಿದ್ದಾರೆಯೇ ಎಂಬುದನ್ನು ಆಡಳಿತ ಮಂಡಳಿಗೆ ಸ್ವತಂತ್ರವಾಗಿ ತಿಳಿಸುತ್ತಾರೆ. ಉಳಿದ ದಿನಗಳಲ್ಲಿ ಗೋದಾಮಿನಲ್ಲಿ ಇರುವವರು ವ್ಯವಸ್ಥಾಪಕರು. "ಹೇಗೂ ಆಡಿಟ್ ಇದೆಯಲ್ಲ" ಎಂದು ಅವರು ಚೀಲ ಬಿಚ್ಚುವುದನ್ನು ಬಿಟ್ಟ ದಿನವೇ ಮೋಸಕ್ಕೆ ಬಾಗಿಲು ತೆರೆಯುತ್ತದೆ. ಅಮೆರಿಕದಲ್ಲಿ ಕೇಂದ್ರ ಕಚೇರಿಯಿರುವ ಆಂತರಿಕ ಲೆಕ್ಕಪರಿಶೋಧಕರ ಜಾಗತಿಕ ಸಂಸ್ಥೆ 2020ರಲ್ಲಿ ಮಾದರಿಯನ್ನು ಪರಿಷ್ಕರಿಸಿದಾಗ ಹೆಸರಿನಲ್ಲಿದ್ದ "ರಕ್ಷಣೆ" ಎಂಬ ಪದವನ್ನೇ ಕೈಬಿಟ್ಟಿತು. ಸಾಲು ಎಂದರೆ ಇಲ್ಲಿ ಪಾತ್ರವೇ ಹೊರತು ಕೋಟೆಗೋಡೆಯಲ್ಲ.

ಹಾಗಾದರೆ ವ್ಯವಹಾರ ನಡೆದ ಬೆನ್ನಲ್ಲೇ ಅದನ್ನು ಪರಿಶೀಲಿಸುವ ಕನ್‌ಕರೆಂಟ್ ಆಡಿಟರ್ ಯಾವ ಸಾಲಿನವರು? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಉತ್ತರ ಅವರ ಹುದ್ದೆಯ ಹೆಸರಿನಲ್ಲಿಲ್ಲ, ಮಾಡುವ ಕೆಲಸದಲ್ಲಿದೆ. ನಡೆದುಹೋದ ವ್ಯವಹಾರವನ್ನು ಬೇಗನೆ ಪರಿಶೀಲಿಸಿ ವರದಿ ಕೊಟ್ಟರೆ ಅವರು ಪರಿಶೋಧಕರೇ. ಸಾಲ ಬಿಡುಗಡೆಗೆ ಮೊದಲು ಅವರ ಸಹಿ ಬೇಕೆಂದು ಶಾಖೆ ರೂಢಿ ಮಾಡಿಕೊಂಡಿದ್ದರೆ ಮಾತ್ರ, ಅವರು ತಮಗೆ ಗೊತ್ತಿಲ್ಲದೆಯೇ ಮೊದಲ ಸಾಲಿಗೆ ಬಂದಿರುತ್ತಾರೆ. ಆ ಸಾಲಗಳನ್ನು ಅವರೇ ಪರಿಶೋಧಿಸುವಂತಿಲ್ಲ: ತಾನು ಹೊಣೆ ಹೊತ್ತಿದ್ದ ಕೆಲಸದ ಬಗ್ಗೆ ಮುಂದಿನ ಹನ್ನೆರಡು ತಿಂಗಳು ಆಂತರಿಕ ಲೆಕ್ಕಪರಿಶೋಧಕರು ಭರವಸೆಯ ವರದಿ ಕೊಡಬಾರದೆಂದು ಅವರ ವೃತ್ತಿಯ ಮಾನದಂಡವೇ ಹೇಳುತ್ತದೆ.