‘ಒಯ್ ಎ ಕೊಮಿದೊ’ ಸರಿಯೋ, ‘ಒಯ್ ಕೊಮಿ’ ಸರಿಯೋ?

ಓದುಗರ ಪ್ರಶ್ನೆ: ನನ್ನ ಸ್ಪ್ಯಾನಿಶ್ ಪಠ್ಯಪುಸ್ತಕದಲ್ಲಿ ‘ಇವತ್ತು ಊಟ ಮಾಡಿದ್ದೇನೆ’ ಎನ್ನಲು ‘ಒಯ್ ಎ ಕೊಮಿದೊ’ ಎಂದಿದೆ. ಆದರೆ ಆಫೀಸಿನ ಕಾಲ್‌ನಲ್ಲಿ ಮಾತಾಡುವ ಮೆಕ್ಸಿಕೋದವರು ‘ಒಯ್ ಕೊಮಿ’ ಎನ್ನುತ್ತಾರೆ. ಎರಡರಲ್ಲಿ ಯಾವುದು ಸರಿ? ಯಾವಾಗ ಯಾವುದನ್ನು ಬಳಸಬೇಕು?

ಉತ್ತರ: ಎರಡೂ ಸರಿ. ನಿಮ್ಮ ಪುಸ್ತಕ ಸ್ಪೇನ್ ದೇಶದ, ಅದರಲ್ಲೂ ಮ್ಯಾಡ್ರಿಡ್ ಕಡೆಯ ಬಳಕೆಯನ್ನು ಕಲಿಸುತ್ತಿದೆ. ನಿಮ್ಮ ಸಹೋದ್ಯೋಗಿಗಳು ತಮ್ಮ ಊರಿನ ಮಾತಾಡುತ್ತಿದ್ದಾರೆ. ಮೊದಲನೆಯದು ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ‘ಮಾಡಿದ್ದೇನೆ’ ಎಂಬಂಥ ರೂಪ. ಎರಡನೆಯದು ಪ್ರಿಟೆರಿಟ್, ಅಂದರೆ ‘ಮಾಡಿದೆ’ ಎಂಬಂಥ ಸರಳ ಭೂತಕಾಲ. ಇವೆರಡರ ನಡುವಿನ ಗೆರೆಯನ್ನು ಎರಡು ದೇಶದವರು ಬೇರೆಬೇರೆ ಕಡೆ ಎಳೆಯುತ್ತಾರೆ.

ಮೊದಲು ಪರ್ಫೆಕ್ಟ್ ಕಟ್ಟುವ ಬಗೆ. ‘ಅಬೆರ್’ ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪಗಳು ಆರು: ಎ, ಆಸ್, ಆ, ಎಮೊಸ್, ಆಬೇಯ್ಸ್, ಆನ್. ಬರೆಯುವಾಗ ಇವೆಲ್ಲದರ ಆರಂಭದಲ್ಲಿ ಎಚ್ ಅಕ್ಷರ ಬರಲೇಬೇಕು, ಆದರೆ ಅದರ ಉಚ್ಚಾರವಿಲ್ಲ. ಇದರ ನಂತರ ಮುಖ್ಯ ಕ್ರಿಯಾಪದದ ಪಾರ್ಟಿಸಿಪಲ್ ಎಂಬ ಕೃದಂತ ರೂಪ ಸೇರುತ್ತದೆ. ‘ಅರ್’ನಿಂದ ಮುಗಿಯುವ ಕ್ರಿಯಾಪದಕ್ಕೆ ‘ಆದೊ’, ‘ಎರ್’ ಮತ್ತು ‘ಇರ್’ಗೆ ‘ಇದೊ’. ಹೀಗೆ ಅಬ್ಲಾರ್ ಎಂಬುದು ಅಬ್ಲಾದೊ, ಕೊಮೆರ್ ಎಂಬುದು ಕೊಮಿದೊ ಆಗುತ್ತದೆ.

ಕನ್ನಡಿಗರು ಇಲ್ಲಿ ಒಂದು ಕಡೆ ಎಡವುತ್ತಾರೆ. ನಮ್ಮ ‘ಬಂದಿದ್ದಾನೆ’ಯಲ್ಲಿ ಸಹಾಯಕ್ಕೆ ನಿಂತಿರುವುದು ‘ಇರು’. ಹಾಗಾಗಿ ಸ್ಪ್ಯಾನಿಶ್‌ನಲ್ಲೂ ‘ಇರು’ ಎಂಬರ್ಥದ ‘ಎಸ್ತಾರ್’ ತಂದು ‘ಎಸ್ತಾ ಯೆಗಾದೊ’ ಎಂದುಬಿಡುವುದುಂಟು. ಅದು ತಪ್ಪು. ಪರ್ಫೆಕ್ಟ್‌ಗೆ ಸಹಾಯಕ ‘ಅಬೆರ್’ ಒಂದೇ: ‘ಆ ಯೆಗಾದೊ’, ಬಂದು ತಲುಪಿದ್ದಾನೆ.

ನಿಯಮಕ್ಕೆ ಬಗ್ಗದ ಪಾರ್ಟಿಸಿಪಲ್‌ಗಳು ಸಂಖ್ಯೆಯಲ್ಲಿ ಕಡಿಮೆ. ಆದರೆ ದಿನಬಳಕೆಯ ಕ್ರಿಯಾಪದಗಳೇ ಆದ್ದರಿಂದ ಮಾತಿನಲ್ಲಿ ಪದೇಪದೇ ಬರುತ್ತವೆ. ಅಕಾರಾದಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಕೊನೆಯ ಧ್ವನಿ ನೋಡಿ ಗುಂಪು ಮಾಡಿಕೊಂಡರೆ ಬೇಗ ಹತ್ತುತ್ತವೆ. ‘ಚೊ’ ಎಂದು ಮುಗಿಯುವವು ಎರಡು: ಮಾಡು ಎಂಬರ್ಥದ ಅಸೆರ್‌ಗೆ ಎಚೊ, ಹೇಳು ಎಂಬರ್ಥದ ದೆಸಿರ್‌ಗೆ ದಿಚೊ. ‘ಸ್ತೊ’ ಎಂಬವು ಎರಡು: ನೋಡುವ ಬೆರ್‌ಗೆ ಬಿಸ್ತೊ, ಇಡುವ ಪೊನೆರ್‌ಗೆ ಪ್ವೆಸ್ತೊ. ತೆರೆಯುವ ಅಬ್ರಿರ್‌ಗೆ ಅಬ್ಯೆರ್ತೊ, ಹೊದಿಸುವ ಕುಬ್ರಿರ್‌ಗೆ ಕುಬ್ಯೆರ್ತೊ, ಸಾಯುವ ಮೊರಿರ್‌ಗೆ ಮ್ವೆರ್ತೊ, ಈ ಮೂರೂ ‘ರ್ತೊ’ ಗುಂಪಿನವು. ಮರಳುವ ಬೊಲ್ಬೆರ್‌ಗೆ ಬ್ವೆಲ್ತೊ, ಬಗೆಹರಿಸುವ ರೆಸೊಲ್ಬೆರ್‌ಗೆ ರೆಸ್ವೆಲ್ತೊ. ಇನ್ನುಳಿದವು ಬರೆಯುವ ಎಸ್ಕ್ರಿಬಿರ್‌ಗೆ ಎಸ್ಕ್ರಿತೊ, ಮುರಿಯುವ ರೊಂಪೆರ್‌ಗೆ ರೊತೊ.

ಇವುಗಳ ಮುಂದೆ ಉಪಸರ್ಗ ಸೇರಿದರೂ ರೂಪ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಬೊಲ್ಬೆರ್ ಬ್ವೆಲ್ತೊ ಆದಂತೆ, ಹಿಂತಿರುಗಿಸುವ ದೆಬೊಲ್ಬೆರ್ ದೆಬ್ವೆಲ್ತೊ ಆಗುತ್ತದೆ. ಆದರೆ ಆಶೀರ್ವದಿಸುವ ಬೆಂದೆಸಿರ್ ಈ ದಾರಿ ಹಿಡಿಯುವುದಿಲ್ಲ. ಅಬೆರ್ ಜತೆ ಅದು ಬೆಂದೆಸಿದೊ. ಕರಿಯುವ ಫ್ರೆಯಿರ್, ಮುದ್ರಿಸುವ ಇಂಪ್ರಿಮಿರ್ ಎರಡಕ್ಕೂ ಎರಡೆರಡು ರೂಪಗಳಿವೆ (ಫ್ರೆಯಿದೊ, ಫ್ರಿತೊ, ಇಂಪ್ರಿಮಿದೊ, ಇಂಪ್ರೆಸೊ). ಯಾವುದನ್ನು ಬಳಸಿದರೂ ತಪ್ಪಿಲ್ಲ.

ಅಬೆರ್ ಜತೆಗಿರುವ ಪಾರ್ಟಿಸಿಪಲ್ ಲಿಂಗ, ವಚನಗಳಿಗೆ ತಕ್ಕಂತೆ ಬದಲಾಗುವುದಿಲ್ಲ. ಬಾಗಿಲುಗಳನ್ನು ತೆರೆದಿದ್ದೇನೆ ಎನ್ನುವಾಗ ‘ಎ ಅಬ್ಯೆರ್ತೊ ಲಾಸ್ ಪ್ವೆರ್ತಾಸ್’. ಬಾಗಿಲುಗಳು ತೆರೆದಿವೆ ಎಂದು ಸ್ಥಿತಿ ಹೇಳುವಾಗ ಮಾತ್ರ ಅದು ವಿಶೇಷಣವಾಗಿ ‘ಎಸ್ತಾನ್ ಅಬ್ಯೆರ್ತಾಸ್’ ಆಗುತ್ತದೆ. ಇನ್ನೊಂದು ಕಟ್ಟುನಿಟ್ಟು: ಅಬೆರ್ ಮತ್ತು ಪಾರ್ಟಿಸಿಪಲ್ ನಡುವೆ ಬೇರೆ ಪದ ತೂರಿಸಬೇಡಿ. ಇಲ್ಲ ಎಂಬರ್ಥದ ‘ನೊ’, ಆಗಲೇ ಎಂಬರ್ಥದ ‘ಯಾ’, ಎಂದೂ ಇಲ್ಲ ಎಂಬರ್ಥದ ‘ನುಂಕಾ’, ಅದನ್ನು ಎಂಬರ್ಥದ ‘ಲೊ’ ಎಲ್ಲವೂ ಅಬೆರ್‌ಗಿಂತ ಮೊದಲೇ ಬರಲಿ: ‘ನೊ ಲೊ ಎ ಬಿಸ್ತೊ’, ಅದನ್ನು ನೋಡಿಲ್ಲ.

ಇನ್ನು ಆಯ್ಕೆಯ ವಿಚಾರ. ಸ್ಪೇನ್‌ನ ಬಹುಭಾಗದಲ್ಲಿ ಕೇಳಿಕೊಳ್ಳಬೇಕಾದ್ದು ಇದು: ನಾನು ಹೇಳುತ್ತಿರುವ ಕಾಲಾವಧಿ ಇನ್ನೂ ನಡೆಯುತ್ತಿದೆಯೇ? ಇವತ್ತು, ಈ ವಾರ, ಈ ವರ್ಷ ಎಂದರೆ ಪರ್ಫೆಕ್ಟ್. ನಿನ್ನೆ, ಕಳೆದ ವಾರ, 2019ರಲ್ಲಿ ಎಂದರೆ ಪ್ರಿಟೆರಿಟ್. ‘ಈ ಬೆಳಿಗ್ಗೆ’ ನಡೆದದ್ದನ್ನು ರಾತ್ರಿ ಹೇಳುವಾಗಲೂ ಪರ್ಫೆಕ್ಟ್ ಬರುತ್ತದೆ, ಏಕೆಂದರೆ ಬೆಳಿಗ್ಗೆ ಮುಗಿದಿದ್ದರೂ ದಿನ ಮುಗಿದಿಲ್ಲ. ಸ್ಪೇನ್‌ನಲ್ಲೇ ಗಲಿಸಿಯಾ, ಅಸ್ತೂರಿಯಾಸ್, ಕ್ಯಾನರಿ ದ್ವೀಪಗಳ ಜನ ಇಂಥ ಕಡೆಯೂ ಪ್ರಿಟೆರಿಟ್ ಕಡೆಗೇ ವಾಲುತ್ತಾರೆ.

ಮೆಕ್ಸಿಕೋದಲ್ಲಿ ದಿನದ ಲೆಕ್ಕವಿಲ್ಲ, ಕೆಲಸದ ಲೆಕ್ಕ. ಕೆಲಸ ಮುಗಿದಿದ್ದರೆ ಐದು ನಿಮಿಷದ ಹಿಂದಿನದೂ ಪ್ರಿಟೆರಿಟ್. ಅದಕ್ಕೇ ‘ಊಟ ಆಯ್ತಾ?’ ಎಂದು ಕೇಳಲು ಮ್ಯಾಡ್ರಿಡ್‌ನವರು ‘ಯಾ ಆಸ್ ಕೊಮಿದೊ?’ ಎಂದರೆ ಮೆಕ್ಸಿಕೋದವರು ‘ಯಾ ಕೊಮಿಸ್ತೆ?’ ಎನ್ನುತ್ತಾರೆ. ಅಲ್ಲಿ ಪರ್ಫೆಕ್ಟ್ ಉಳಿದಿರುವುದು ಇನ್ನೂ ನಡೆಯುತ್ತಿರುವ, ಮರುಕಳಿಸುತ್ತಿರುವ ಅಥವಾ ಇನ್ನೂ ಆಗದ ಸಂಗತಿಗಳಿಗೆ. ‘ಎಸ್ತೆ ಮೆಸ್ ಎಸ್ತುದಿಯೆ ಮುಚೊ’ ಎಂದರೆ ಈ ತಿಂಗಳು ತುಂಬ ಓದಿದೆ, ಓದು ಮುಗಿಯಿತು. ‘ಎಸ್ತೆ ಮೆಸ್ ಎ ಎಸ್ತುದಿಯಾದೊ ಮುಚೊ’ ಎಂದರೆ ಓದುತ್ತಲೇ ಬಂದಿದ್ದೇನೆ, ಇನ್ನೂ ಓದುತ್ತಿದ್ದೇನೆ. ತಿಂಗಳು ಒಂದೇ, ಅರ್ಥ ಬೇರೆ. ಸ್ಪೇನ್‌ನ ಪುಸ್ತಕ ಹಿಡಿದು ಕಲಿತವರಿಗೆ ಈ ಸೂಕ್ಷ್ಮ ತಪ್ಪಿಹೋಗುತ್ತದೆ.

ಒಂದು ಆಫೀಸ್ ಮೆಸೇಜ್ ಇಟ್ಟುಕೊಂಡು ನೋಡೋಣ: ‘ಇವತ್ತು ಬೆಳಿಗ್ಗೆ ಕ್ಲೈಂಟ್‌ಗೆ ಬರೆದೆ, ಇನ್ನೂ ಉತ್ತರ ಬಂದಿಲ್ಲ. ನಿನ್ನೆ ಬಿಲ್ ಕಳಿಸಿದೆ.’ ಮ್ಯಾಡ್ರಿಡ್‌ನಲ್ಲಿ: ‘ಎಸ್ತಾ ಮನ್ಯಾನಾ ಲೆ ಎ ಎಸ್ಕ್ರಿತೊ ಅಲ್ ಕ್ಲಿಯೆಂತೆ, ಪೆರೊ ತೊದಾಬೀಯಾ ನೊ ಆ ರೆಸ್ಪೊಂದಿದೊ. ಆಯೆರ್ ಲೆ ಎನ್ಬಿಯೆ ಲಾ ಫಕ್ತುರಾ.’ ಮೆಕ್ಸಿಕೋದಲ್ಲಿ ಬದಲಾಗುವುದು ಮೊದಲ ಕ್ರಿಯಾಪದ ಮಾತ್ರ: ‘ಲೆ ಎ ಎಸ್ಕ್ರಿತೊ’ ಇದ್ದಲ್ಲಿ ‘ಲೆ ಎಸ್ಕ್ರಿಬಿ’. ಬರೆದದ್ದು ಮುಗಿದ ಕೆಲಸ. ‘ನೊ ಆ ರೆಸ್ಪೊಂದಿದೊ’ ಎರಡೂ ಕಡೆ ಹಾಗೇ ಉಳಿಯುತ್ತದೆ, ಏಕೆಂದರೆ ಉತ್ತರಕ್ಕಾಗಿ ಕಾಯುವುದು ಮುಗಿದಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಇದನ್ನೂ ಪ್ರಿಟೆರಿಟ್ ಮಾಡಿ ‘ತೊದಾಬೀಯಾ ನೊ ರೆಸ್ಪೊಂದ್ಯೊ’ ಎನ್ನುವುದೇ ಹೆಚ್ಚು. ಇದೇ ಮೆಸೇಜನ್ನು ಮ್ಯಾಡ್ರಿಡ್‌ನವರು ನಾಳೆ ಬರೆದರೆ, ಅವರೂ ‘ಆಯೆರ್ ಲೆ ಎಸ್ಕ್ರಿಬಿ’ ಎನ್ನುತ್ತಾರೆ.

ಕೊನೆಯದಾಗಿ ‘ನಿನ್ನೆ’ಯ ವಿಷಯ. ‘ನಿನ್ನೆಯೇ ದುಡ್ಡು ಕಳಿಸಿದ್ದೇನೆ’ ಎಂಬ ಮಾತು ಕನ್ನಡದಲ್ಲಿ ಸಹಜ. ಅದನ್ನು ಹಾಗೇ ಇಳಿಸಿ ‘ಆಯೆರ್ ಎ ಎನ್ಬಿಯಾದೊ’ ಎಂದರೆ ಮ್ಯಾಡ್ರಿಡ್, ಮೆಕ್ಸಿಕೋ ಎರಡೂ ಕಡೆ ಕಿವಿಗೆ ತಾಗುತ್ತದೆ. ಬೊಲಿವಿಯಾದಂಥ ಆಂಡೀಸ್ ಪ್ರದೇಶಗಳಲ್ಲಿ ಈ ಜೋಡಿ ಕೇಳಿಬರುತ್ತದೆ, ಆದರೆ ಕಲಿಯುವವರು ಅದನ್ನು ಅನುಸರಿಸುವುದು ಬೇಡ. ‘ಆಯೆರ್’ ಬಾಯಿಗೆ ಬಂದ ಕೂಡಲೇ ಪ್ರಿಟೆರಿಟ್‌ಗೆ ತಿರುಗಿ. ಉಳಿದಂತೆ, ನಿಮ್ಮ ಕೆಲಸ ಮೆಕ್ಸಿಕೋದವರ ಜತೆಗಿರುವುದರಿಂದ ‘ಒಯ್ ಕೊಮಿ’ ಎಂದೇ ರೂಢಿ ಮಾಡಿಕೊಳ್ಳಿ. ಪುಸ್ತಕವನ್ನು ಆಧರಿಸಿದ ಪರೀಕ್ಷೆಯಲ್ಲಿ ಮಾತ್ರ ‘ಒಯ್ ಎ ಕೊಮಿದೊ’ ಬರೆಯಿರಿ.