ಟ್ಯೂಬಿನ ಎರಡೂ ಬದಿಯ ಫೌಲಿಂಗ್: ಲೆಕ್ಕದಲ್ಲಿ ಕೊಟ್ಟ ಜಾಗವೇ ಸ್ಕೇಲ್ ಕಟ್ಟಿಸುವುದು ಹೇಗೆ

ಹೀಟ್ ಎಕ್ಸ್‌ಚೇಂಜರ್ ಡಿಸೈನ್ ಶೀಟ್‌ಗಳಲ್ಲಿ ಎಲ್ಲರೂ ಬೇಗ ದಾಟಿ ಹೋಗುವ ಸಾಲು ಅಂದ್ರೆ ಫೌಲಿಂಗ್ ರೆಸಿಸ್ಟೆನ್ಸ್, ಅಂದ್ರೆ ಟ್ಯೂಬಿನ ಮೈಮೇಲೆ ಕಟ್ಟುವ ಕೊಳೆ ಶಾಖಕ್ಕೆ ಒಡ್ಡುವ ತಡೆ. ಟೇಬಲ್ ನೋಡಿ ಒಂದು ಅಂಕಿ ಹಾಕ್ತಾರೆ, ಇರಲಿ ಅಂತ ಸ್ವಲ್ಪ ಜಾಸ್ತಿಯನ್ನೇ ಹಾಕ್ತಾರೆ, ಮುಂದೆ ಹೋಗ್ತಾರೆ. ಆ ಒಂದು ಸಾಲು ಯಂತ್ರದ ಗಾತ್ರವನ್ನು ಎಷ್ಟು ಬದಲಿಸುತ್ತದೆ, ಆಮೇಲೆ ಅದು ಓಡುವ ರೀತಿಯನ್ನೇ ಹೇಗೆ ಕೆಡಿಸುತ್ತದೆ ಅನ್ನೋದನ್ನ ಒಂದೇ ಉದಾಹರಣೆ ಹಿಡಿದು ನೋಡೋಣ.

ಗಂಟೆಗೆ 40 ಟನ್ ಬಿಸಿ ಕಂಡೆನ್ಸೇಟ್ ಇದೆ ಅಂದುಕೊಳ್ಳಿ. ಅದನ್ನು 85 ಡಿಗ್ರಿಯಿಂದ 55ಕ್ಕೆ ಇಳಿಸಬೇಕು. ಅದು ಶೆಲ್ ಒಳಗೆ, ಟ್ಯೂಬಿನ ಹೊರಮೈ ಮೇಲೆ ಹರಿಯುತ್ತದೆ. ಟ್ಯೂಬಿನೊಳಗೆ ಕೂಲಿಂಗ್ ಟವರ್ ನೀರು, ಗಂಟೆಗೆ ಸುಮಾರು 150 ಟನ್, 30 ಡಿಗ್ರಿಗೆ ಬಂದು 38ಕ್ಕೆ ಹೊರಡುತ್ತದೆ. ಟ್ಯೂಬ್ ಕಾರ್ಬನ್ ಸ್ಟೀಲಿನದು: ಹೊರವ್ಯಾಸ 19.05 ಮಿ.ಮೀ., ಒಳವ್ಯಾಸ 14.83 ಮಿ.ಮೀ. ಎರಡೂ ಹರಿವು ಎದುರುಬದುರು, ಸಿಂಗಲ್ ಪಾಸ್.

ಹೊರಮೈಯ ವಿಸ್ತೀರ್ಣವನ್ನು ಆಧಾರ ಮಾಡಿಕೊಂಡರೆ ಸೂತ್ರ ಇದು:

```
1/Uo = 1/ho + Rfo + Do·ln(Do/Di)/(2k) + (Do/Di)·Rfi + (Do/Di)/hi
```

ಇಲ್ಲಿ U ಅಂದ್ರೆ ಒಟ್ಟಾರೆ ಶಾಖ ದಾಟುವ ಗುಣಾಂಕ, h ಹರಿವಿನದು, Rf ಫೌಲಿಂಗ್ ತಡೆ, k ಲೋಹದ ಶಾಖ ವಾಹಕತೆ, D ವ್ಯಾಸ; ಕೊನೆಯ o ಹೊರಗಡೆ, i ಒಳಗಡೆ. ಶಾಖ ಹೊರಗಿನಿಂದ ಒಳಗೆ ಹೋಗುವಾಗ ದಾಟಬೇಕಾದ ಐದು ತಡೆಗಳು ಸಾಲಾಗಿ ಇವೆ, ಅಷ್ಟೇ. ಒಳಗಿನ ಎರಡಕ್ಕೂ Do/Di ಗುಣಿಸಿರುವುದನ್ನು ಗಮನಿಸಿ. ಒಳಮೈ ಚಿಕ್ಕದು, ಅಲ್ಲಿನ ತಡೆಯನ್ನು ಹೊರಮೈ ಲೆಕ್ಕಕ್ಕೆ ತಂದಾಗ ಅದು ದೊಡ್ಡದಾಗಲೇಬೇಕು. ನಮ್ಮ ಟ್ಯೂಬಿಗೆ ಈ ಅನುಪಾತ 1.285. hi ಗೆ ಇದನ್ನು ಹಾಕುವವರೂ Rfi ಗೆ ಹಾಕಲು ಮರೆಯುತ್ತಾರೆ, ಯಾಕಂದ್ರೆ ಟೇಬಲಿನ ಅಂಕಿಯನ್ನು ಹಾಗೇ ಕೂಡಿಸಿಬಿಡುವ ಅಭ್ಯಾಸ.

ಈಗ ಅಂಕಿ ಹಾಕೋಣ. ಹೊರಗಡೆ ho 4000, ಒಳಗಡೆ ನೀರು ಸೆಕೆಂಡಿಗೆ 1.5 ಮೀಟರ್ ಓಡುವಾಗ hi 6000 ಅಂತ ಇಟ್ಟುಕೊಳ್ಳಿ (ಚದರ ಮೀಟರಿಗೆ, ಡಿಗ್ರಿಗೆ ವ್ಯಾಟ್ ಲೆಕ್ಕದಲ್ಲಿ). ಲೋಹದ k 50. ತಡೆಗಳೆಲ್ಲ ಸೊನ್ನೆಯ ಪಕ್ಕದ ಪುಟಾಣಿ ಅಂಕಿಗಳು, ಹಾಗಾಗಿ ಎಲ್ಲವನ್ನೂ ಒಂದು ಲಕ್ಷದಿಂದ ಗುಣಿಸಿ ಹೇಳ್ತೀನಿ. ಹೊರಗಿನ ಹರಿವಿನ ತಡೆ 25, ಲೋಹದ್ದು 4.8, ಒಳಗಿನ ಹರಿವಿನದು 21.4. ಒಟ್ಟು 51.2. ಅಂದ್ರೆ ಸ್ವಚ್ಛ ಟ್ಯೂಬಿಗೆ U ಸುಮಾರು 1950.

ಇದಕ್ಕೆ ಫೌಲಿಂಗ್ ಸೇರಿಸಿ. ಕಂಡೆನ್ಸೇಟ್ ಕಡೆ 0.0001, ಟವರ್ ನೀರಿನ ಕಡೆ 0.0002. ನಮ್ಮ ಲೆಕ್ಕದಲ್ಲಿ ಹೊರಗಿನದು 10, ಒಳಗಿನದು 20 ಗುಣಿಸು 1.285, ಅಂದ್ರೆ 25.7. ಎರಡೂ ಸೇರಿ 35.7. ಒಟ್ಟು ತಡೆ 86.9ಕ್ಕೆ ಹೋಯ್ತು, U 1150ಕ್ಕೆ ಬಿತ್ತು. ಬೇಕಾದ ವಿಸ್ತೀರ್ಣ 20.5 ಚದರ ಮೀಟರ್ ಇದ್ದದ್ದು ಸುಮಾರು 34.5 ಆಯ್ತು: 3.6 ಮೀಟರ್ ಉದ್ದದ 160 ಟ್ಯೂಬ್. ಸ್ವಚ್ಛ ಟ್ಯೂಬಿಗೆ ಬೇಕಾದ್ದಕ್ಕಿಂತ ಹತ್ತಿರಹತ್ತಿರ ಶೇಕಡಾ 70 ಹೆಚ್ಚು.

ಇದೇ ಫೌಲಿಂಗ್ ಅಂಕಿಗಳನ್ನು ಒಂದು ಆಯಿಲ್ ಕೂಲರಿಗೆ ಹಾಕಿ ನೋಡಿ. ಅಲ್ಲಿ ho ಬರೀ 300 ಇದ್ದರೆ ಎಣ್ಣೆಯ ತಡೆಯೇ 333. ಅದರ ಮೇಲೆ 35.7 ಬಂದರೂ ವಿಸ್ತೀರ್ಣ ಶೇಕಡಾ 10 ಅಷ್ಟೇ ಏರುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ ನೀರಿರುವ ಕಡೆ ಟೇಬಲಿನ ಅಂಕಿಯನ್ನು ಸುಮ್ನೆ ಎತ್ತಿ ಹಾಕಬಾರದು. ಅಲ್ಲಿ ಯಂತ್ರದ ಗಾತ್ರವನ್ನು ಹೆಚ್ಚುಕಮ್ಮಿ ಆ ಅಂಕಿಯೇ ತೀರ್ಮಾನಿಸುತ್ತದೆ.

0.0002 ಅಂದ್ರೆ ಟ್ಯೂಬಿನೊಳಗೆ ಎಷ್ಟು ದಪ್ಪದ ಪದರ? ತಡೆಯನ್ನು k ಯಿಂದ ಗುಣಿಸಿದರೆ ದಪ್ಪ ಸಿಗುತ್ತದೆ. ಸುಣ್ಣದ ಸ್ಕೇಲಿಗೆ k ಸುಮಾರು 2 ಅಂತ ಹಿಡಿದರೆ 0.4 ಮಿ.ಮೀ. ಬಯೋಫಿಲ್ಮ್, ಅಂದ್ರೆ ಕೈಗೆ ಜಾರುವ ಆ ಲೋಳೆ, ಬಹುಪಾಲು ನೀರೇ. ಅದರ k 0.6ರ ಆಸುಪಾಸು, ಹಾಗಾಗಿ ಬರೀ 0.12 ಮಿ.ಮೀ. ಸಾಕು. ಟ್ಯೂಬಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ "ಕ್ಲೀನ್ ಇದೆ ಸಾರ್" ಅನ್ನುವುದನ್ನು ನಂಬಬೇಡಿ. ಬೆರಳು ಹಾಕಿ ಉಜ್ಜಿ ನೋಡಿ.

ಇನ್ನು ಅಸಲಿ ತೊಂದರೆ. ಫೌಲಿಂಗ್ ಬರುವುದು ತಿಂಗಳುಗಳ ಮೇಲೆ, ಅದಕ್ಕೆಂದು ಕೊಟ್ಟ ಹೆಚ್ಚಿನ ಜಾಗ ಮಾತ್ರ ಮೊದಲ ದಿನದಿಂದಲೇ ಇದೆ. ಸ್ಟಾರ್ಟಪ್ ದಿನ ಟ್ಯೂಬ್ ಸ್ವಚ್ಛ, U 1950, ವಿಸ್ತೀರ್ಣ 34.5. ಲೆಕ್ಕ ಹಾಕಿದರೆ ಕಂಡೆನ್ಸೇಟ್ 55ಕ್ಕೆ ನಿಲ್ಲುವುದಿಲ್ಲ, 45ಕ್ಕೆ ಇಳಿದುಬಿಡುತ್ತದೆ. ಮುಂದಿನ ಪ್ರಕ್ರಿಯೆಗೆ 55 ಬೇಕು. ಆಪರೇಟರ್ ಏನು ಮಾಡ್ತಾರೆ? ಕೂಲಿಂಗ್ ವಾಟರ್ ವಾಲ್ವ್ ತಿರುಗಿಸಿ ನೀರು ಕಮ್ಮಿ ಮಾಡ್ತಾರೆ. ಅವರ ತಪ್ಪಲ್ಲ, ಕೈಗೆ ಸಿಗುವ ವಾಲ್ವ್ ಅದೊಂದೇ.

55ಕ್ಕೆ ತರಬೇಕಾದರೆ ನೀರನ್ನು ಎಷ್ಟು ಇಳಿಸಬೇಕು ಗೊತ್ತಾ? ಸುಮಾರು ಶೇಕಡಾ 40ಕ್ಕೆ. ವೇಗ 1.5ರಿಂದ 0.6 ಮೀಟರಿಗೆ ಇಳಿಯುತ್ತದೆ, hi 6000ದಿಂದ 2900ರ ಹತ್ತಿರ ಬರುತ್ತದೆ, ನೀರು 38ರ ಬದಲು 50 ಡಿಗ್ರಿಗೆ ಹೊರಡುತ್ತದೆ. ಮೂರೂ ಕೆಟ್ಟ ದಿಕ್ಕಿಗೇ. ನಿಧಾನವಾದ ನೀರಿನಲ್ಲಿ ಹೂಳು ತಳಕ್ಕೆ ಕೂರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ಹೆಚ್ಚಿದಷ್ಟೂ ಕಮ್ಮಿ ಕರಗುವ ವಸ್ತು, ಹಾಗಾಗಿ ಬಿಸಿ ಗೋಡೆಗೇ ಹೋಗಿ ಅಂಟುತ್ತದೆ. ಟವರಿಗೆ ಬೋರ್‌ವೆಲ್ಲಿನ ಗಡಸು ನೀರು ಹಾಕುವ ಕಡೆ ಇದು ಇನ್ನೂ ಬೇಗ. ಫೌಲಿಂಗ್ ಬರಬಹುದು ಅಂತ ಕೊಟ್ಟ ಜಾಗವೇ ಫೌಲಿಂಗನ್ನು ಕರೆದು ತಂದಿತು. ಆಮೇಲೆ "ನೋಡಿ, ಅಷ್ಟು ಇಟ್ಟಿದ್ದು ಒಳ್ಳೇದಾಯ್ತು, ಮುಂದಿನ ಸಲ ಇನ್ನೂ ಜಾಸ್ತಿ ಇಡೋಣ" ಅಂತ ಮೀಟಿಂಗಿನಲ್ಲಿ ಮಾತಾಗುತ್ತದೆ.

ದಾರಿ ಇದೆ, ದುಬಾರಿಯೂ ಅಲ್ಲ. ನೀರನ್ನು ಮುಟ್ಟಬೇಡಿ, ಬಿಸಿ ಕಡೆಗೆ ಬೈಪಾಸ್ ಕೊಡಿ. ಕಂಡೆನ್ಸೇಟಿನ ಒಂದು ಭಾಗ ಎಕ್ಸ್‌ಚೇಂಜರಿಗೆ ಹೋಗದೆ ಪಕ್ಕದಿಂದ ಬಂದು ಸೇರಲಿ, ಬೆರೆತ ಮೇಲೆ 55 ಇರಲಿ. ಟ್ಯೂಬಿನಲ್ಲಿ 1.5 ಮೀಟರ್ ವೇಗ ಹಾಗೇ ಉಳಿಯುತ್ತದೆ. ಡಿಸೈನ್ ಹಂತದಲ್ಲೇ ಕೇಳಿ ಹಾಕಿಸಿಕೊಳ್ಳಿ, ಆಮೇಲೆ ಪೈಪ್ ಕತ್ತರಿಸಿ ಹಾಕುವುದು ತಲೆನೋವು.

ಕೊನೆಗೆ, ಓಡುತ್ತಿರುವ ಯಂತ್ರದಲ್ಲಿ ಯಾವ ಬದಿ ಕಟ್ಟಿದೆ ಅಂತ ತಿಳಿಯುವುದು. ನೀರಿನ ಹರಿವು ಪೂರ್ತಿ 150 ಟನ್ ಇದ್ದರೂ ಕಂಡೆನ್ಸೇಟ್ 58ಕ್ಕೆ ನಿಂತಿದೆ, ನೀರು 37.2ಕ್ಕೆ ಹೊರಡುತ್ತಿದೆ ಅಂದುಕೊಳ್ಳಿ. ಶಾಖ 1253 ಕಿಲೋವ್ಯಾಟ್, ಲಾಗ್ ಸರಾಸರಿ ಉಷ್ಣತಾ ವ್ಯತ್ಯಾಸ 37 ಡಿಗ್ರಿ. U ಸುಮಾರು 980, ಒಟ್ಟು ತಡೆ 102. ಸ್ವಚ್ಛ ಸ್ಥಿತಿಯ 51 ಕಳೆದರೆ ಫೌಲಿಂಗ್ ಸುಮಾರು 51. ಡಿಸೈನಿನ 35.7 ದಾಟಿದೆ. ಇಲ್ಲಿ ಎರಡು ಎಚ್ಚರಿಕೆ. ಬಿಸಿ ಕಡೆ ಕಳೆದುಕೊಂಡ ಶಾಖ, ತಣ್ಣನೆ ಕಡೆ ಪಡೆದ ಶಾಖ ತಾಳೆಯಾಗದಿದ್ದರೆ ಮೊದಲು ಮೀಟರ್, ಥರ್ಮಾಮೀಟರ್ ನೋಡಿ. ಹರಿವು ಬದಲಾಗಿದ್ದರೆ ಹಳೆಯ 51 ಲೆಕ್ಕಕ್ಕೆ ಬರುವುದಿಲ್ಲ, h ಗಳನ್ನು ಹೊಸ ಹರಿವಿಗೆ ಮತ್ತೆ ತೆಗೆಯಬೇಕು.

ಈ ಒಂದು ಅಂಕಿಯಿಂದ ಒಳಗೋ ಹೊರಗೋ ಗೊತ್ತಾಗುವುದಿಲ್ಲ. ಟ್ಯೂಬ್ ಕಡೆ ಒತ್ತಡದ ಇಳಿಕೆ ಏರಿದ್ದರೆ ಅದು ಒಳಗಿನ ಸುಳಿವು. ಖಚಿತ ಆಗಬೇಕಾದರೆ ಟ್ಯೂಬಿನ ಒಳಗನ್ನು ಮಾತ್ರ ಬ್ರಷ್ ಹಾಕಿ ಪೂರ್ತಿ ತೊಳೆದು, ಅದೇ ಹರಿವಿಗೆ ಮತ್ತೆ ಅಳೆಯಿರಿ. U 1600ಕ್ಕೆ ಏರಿತು ಅಂದ್ರೆ ತಡೆ 62.5, ಉಳಿದ ಫೌಲಿಂಗ್ 11. ಅದು ಶೆಲ್ ಕಡೆಯದು, ಡಿಸೈನಿನ 10ಕ್ಕೆ ಹತ್ತಿರವೇ ಇದೆ. ಒಳಗಿನದು 40ರ ಹತ್ತಿರ ಇತ್ತು, 1.285ರಿಂದ ಭಾಗಿಸಿದರೆ Rfi 0.00031. ಬಂಡಲ್ ಹೊರಗೆಳೆದು ಶೆಲ್ ತೊಳೆಯುವ ಖರ್ಚು ಬೇಡ, ಆ ದುಡ್ಡಿಗೆ ಟವರ್ ನೀರಿನ ಡೋಸಿಂಗ್ ಸರಿ ಮಾಡಿಸಿ.